ಉಪವಾಕ್ಯದ ಖಾಲಿ ಜಾಗ: ಇಂಗ್ಲಿಷ್‌ನ ಹೂಸ್, ವೈ, ದಟ್ ಎಲ್ಲಿ ಸರಿ, ಎಲ್ಲಿ ತಪ್ಪು

ಪ್ರಶ್ನೆ: ಕಟ್ಟಡ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಇಂಗ್ಲಿಷ್‌ನಲ್ಲಿ ವರದಿ ಬರೆಯಬೇಕಾಗುತ್ತದೆ. ಈಚೆಗೆ ಹೀಗೆ ಬರೆದಿದ್ದೆ: ‘ದ ಬಿಲ್ಡಿಂಗ್ ಹೂಸ್ ರೂಫ್ ಲೀಕ್ಸ್ ಮಸ್ಟ್ ಬಿ ರಿಪೇರ್ಡ್ ಫಸ್ಟ್. ದ ರೀಸನ್ ವೈ ದ ವರ್ಕ್ ಸ್ಟಾಪ್ಡ್ ಈಸ್ ಬಿಕಾಸ್ ದ ಪಂಪ್ ವಿಚ್ ವಿ ರಿಪೇರ್ಡ್ ಇಟ್ ಲಾಸ್ಟ್ ಮಂತ್ ಫೇಲ್ಡ್ ಅಗೇನ್. ದ ವರ್ಕರ್ಸ್ ದಟ್ ಫಿಕ್ಸ್ಡ್ ಇಟ್ ಹ್ಯಾವ್ ಲೆಫ್ಟ್.’ ಮೇಲಧಿಕಾರಿಗಳು ‘ಹೂಸ್’, ‘ವೈ’, ‘ದಟ್’ ಮೂರಕ್ಕೂ ಕೆಂಪು ಗೆರೆ ಎಳೆದರು. ‘ಹೂಸ್’ ಮನುಷ್ಯರಿಗೆ ಮಾತ್ರವಂತೆ, ‘ರೀಸನ್’ ಇದ್ದ ಮೇಲೆ ‘ವೈ’ ಬೇಡವಂತೆ, ಮನುಷ್ಯರಿಗೆ ‘ದಟ್’ ಹಾಕಬಾರದಂತೆ. ಇವು ನಿಜವಾಗಿಯೂ ತಪ್ಪುಗಳೇ? ಪ್ರತಿ ಸಲ ಅನುಮಾನ ಕಾಡುತ್ತದೆ. ನಂಬಬಹುದಾದ ಒಂದು ಪರೀಕ್ಷೆ ಇದೆಯೇ?

ಉತ್ತರ: ಗೆರೆ ಬಿದ್ದ ಮೂರು ಪದಗಳಲ್ಲಿ ಒಂದೂ ವ್ಯಾಕರಣದ ತಪ್ಪಲ್ಲ. ‘ಹೂಸ್’ ಪೂರ್ತಿ ಸರಿ. ‘ವೈ’ ಮತ್ತು ‘ದಟ್’ ಬಗ್ಗೆ ಶೈಲಿಯ ದೃಷ್ಟಿಯಿಂದ ಎರಡು ಮಾತು ಹೇಳಬಹುದು, ಅಷ್ಟೇ. ಆದರೆ ನಿಮ್ಮ ವರದಿಯಲ್ಲಿ ನಿಜವಾದ ತಪ್ಪೊಂದಿದೆ, ಅದಕ್ಕೆ ಗೆರೆಯೇ ಬಿದ್ದಿಲ್ಲ. ‘ದ ಪಂಪ್ ವಿಚ್ ವಿ ರಿಪೇರ್ಡ್ ಇಟ್’ ಎಂಬಲ್ಲಿರುವ ‘ಇಟ್’ ಆ ತಪ್ಪು. ನಾನು ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಪುಟ್ಟ ‘ಇಟ್’ ಅಲ್ಲಿಗೆ ಹೇಗೆ ಬಂತು ಎಂಬುದು ತಿಳಿದರೆ ಉಳಿದ ಮೂರು ಪದಗಳ ಪ್ರಶ್ನೆಯೂ ಬಗೆಹರಿಯುತ್ತದೆ.

ಇದೇ ಸಂಗತಿಯನ್ನು ಕನ್ನಡದಲ್ಲಿ ನೀವು ಹೇಗೆ ಹೇಳುತ್ತೀರಿ? ‘ನಾವು ಕಳೆದ ತಿಂಗಳು ದುರಸ್ತಿ ಮಾಡಿದ ಪಂಪು.’ ಇಲ್ಲಿ ‘ವಿಚ್’ ಇಲ್ಲ, ‘ದಟ್’ ಇಲ್ಲ, ‘ಅದನ್ನು’ ಎಂಬುದೂ ಇಲ್ಲ. ‘ಮಾಡಿದ’ ಎಂಬ ಕೃದಂತ ನೇರವಾಗಿ ಪಂಪಿಗೆ ಅಂಟಿಕೊಂಡಿದೆ. ಪಂಪು ದುರಸ್ತಿ ಮಾಡಿತೋ, ಮಾಡಿಸಿಕೊಂಡಿತೋ ಎಂಬುದನ್ನು ಆ ಕೃದಂತ ಹೇಳುವುದಿಲ್ಲ. ‘ದುರಸ್ತಿ ಮಾಡಿದ ಹುಡುಗ’ ಎಂದರೂ ಅದೇ ‘ಮಾಡಿದ’, ‘ದುರಸ್ತಿ ಮಾಡಿದ ಪಂಪು’ ಎಂದರೂ ಅದೇ ‘ಮಾಡಿದ’. ಮೊದಲನೆಯದರಲ್ಲಿ ಹುಡುಗ ಕರ್ತೃ, ಎರಡನೆಯದರಲ್ಲಿ ಪಂಪು ಕರ್ಮ. ಈ ವ್ಯತ್ಯಾಸವನ್ನು ನಮ್ಮ ಕಿವಿ ಅರ್ಥದ ಬಲದಿಂದ ತಾನಾಗಿ ಗುರುತಿಸುತ್ತದೆ. ಪದದ ರೂಪದಲ್ಲಿ ಅದು ಎಲ್ಲೂ ಕಾಣುವುದಿಲ್ಲ.

ಇಂಗ್ಲಿಷ್‌ಗೆ ಅದು ಸಾಲದು. ಹಿಂದಿನ ನಾಮಪದ ಉಪವಾಕ್ಯದ ಒಳಗೆ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಅದು ತೋರಿಸಲೇಬೇಕು. ತೋರಿಸುವ ವಿಧಾನ ಹೀಗಿದೆ: ಆ ಕೆಲಸದ ಜಾಗವನ್ನು ಉಪವಾಕ್ಯದಲ್ಲಿ ಖಾಲಿ ಬಿಟ್ಟು, ಅದರ ಲೆಕ್ಕವನ್ನು ಉಪವಾಕ್ಯದ ಆರಂಭದಲ್ಲಿರುವ ರಿಲೇಟಿವ್ ಪ್ರೊನೌನ್‌ಗೆ ಒಪ್ಪಿಸುತ್ತದೆ. ‘ವಿ ರಿಪೇರ್ಡ್’ ಎಂದ ಮೇಲೆ ಏನನ್ನು ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿ ಒಂದು ಕರ್ಮದ ಜಾಗವಿದೆ. ಆ ಜಾಗದ ಹೊಣೆಯನ್ನು ‘ವಿಚ್’ ಈಗಾಗಲೇ ಹೊತ್ತಿದೆ. ಮತ್ತೆ ‘ಇಟ್’ ಬಂದರೆ ಒಂದೇ ಕುರ್ಚಿಯಲ್ಲಿ ಇಬ್ಬರು ಕುಳಿತ ಹಾಗಾಗುತ್ತದೆ. ಆದ್ದರಿಂದ ‘ದ ಪಂಪ್ ವಿಚ್ ವಿ ರಿಪೇರ್ಡ್ ಲಾಸ್ಟ್ ಮಂತ್’ ಎನ್ನುವುದಷ್ಟೇ ಸರಿ.

ಈ ‘ಇಟ್’ ಬುದ್ಧಿಗೇಡಿತನದಿಂದ ಬರುವುದಲ್ಲ. ಅರಬ್ಬಿ, ಹೀಬ್ರೂ ಭಾಷೆಗಳಲ್ಲಿ ಹೀಗೆ ಮರಳಿ ಬರುವ ಸರ್ವನಾಮ ವ್ಯಾಕರಣಬದ್ಧವಾದ ರಚನೆ. ಕನ್ನಡದಲ್ಲೂ ಇನ್ನೊಂದು ದಾರಿಯಿದೆ: ‘ಯಾವ ಪಂಪನ್ನು ದುರಸ್ತಿ ಮಾಡಿದೆವೋ ಅದು ಮತ್ತೆ ಕೆಟ್ಟಿತು.’ ಇಲ್ಲಿ ‘ಯಾವ’ ಎಂದು ಆರಂಭಿಸಿದ್ದನ್ನು ‘ಅದು’ ಬಂದು ಪೂರ್ತಿ ಮಾಡಬೇಕು. ಈ ಅಚ್ಚಿನಲ್ಲಿ ಯೋಚಿಸಿ ಇಂಗ್ಲಿಷ್ ಬರೆದಾಗ ‘ದ ಪಂಪ್ ವಿಚ್ ವಿ ರಿಪೇರ್ಡ್, ಇಟ್ ಫೇಲ್ಡ್ ಅಗೇನ್’ ಎಂಬ ಇನ್ನೊಂದು ಬಗೆಯ ತಪ್ಪು ಹುಟ್ಟುತ್ತದೆ. ಅಲ್ಲಿ ಹೆಚ್ಚಿನ ‘ಇಟ್’ ಉಪವಾಕ್ಯದೊಳಗೆ ಅಲ್ಲ, ಪ್ರಧಾನ ವಾಕ್ಯದ ಬಾಗಿಲಲ್ಲಿ ನಿಂತಿರುತ್ತದೆ. ಎರಡನ್ನೂ ಹೊಡೆದುಹಾಕಬೇಕು.

ಈಗ ನೀವು ಕೇಳಿದ ಪರೀಕ್ಷೆ. ಅನುಮಾನ ಬಂದಾಗ ರಿಲೇಟಿವ್ ಪದವನ್ನು ಬೆರಳಿನಿಂದ ಮುಚ್ಚಿ. ಅದರ ಮುಂದಿರುವ ಉಪವಾಕ್ಯವನ್ನು ಮಾತ್ರ ಸ್ವತಂತ್ರ ವಾಕ್ಯದಂತೆ ಓದಿ. ಅದರಲ್ಲಿ ಏನು ಕಡಿಮೆ ಬಿದ್ದಿದೆ? ಏನೂ ಕಡಿಮೆ ಬಿದ್ದಿಲ್ಲವಾದರೆ ಅಲ್ಲಿ ‘ಹೂ’, ‘ವಿಚ್’ ನಿಲ್ಲಲಾರವು. ಕಡಿಮೆ ಬಿದ್ದಿದ್ದರೆ, ಆ ಜಾಗಕ್ಕೆ ಸಾಮಾನ್ಯ ಪದವೊಂದನ್ನು ಹಾಕಿ ನೋಡಿ. ‘ಹಿ’ ಅಥವಾ ಮನುಷ್ಯರನ್ನು ಕುರಿತ ‘ದೇ’ ಹೊಂದಿದರೆ ‘ಹೂ’ ಬರುತ್ತದೆ. ‘ಹಿಮ್’ ಅಥವಾ ಮನುಷ್ಯರನ್ನು ಕುರಿತ ‘ದೆಮ್’ ಹೊಂದಿದರೆ ‘ಹೂಮ್’. ‘ಇಟ್’ ಅಥವಾ ವಸ್ತುಗಳನ್ನು ಕುರಿತ ‘ದೇ’, ‘ದೆಮ್’ ಹೊಂದಿದರೆ ‘ವಿಚ್’ ಅಥವಾ ‘ದಟ್’. ‘ಹಿಸ್’, ‘ಇಟ್ಸ್’, ‘ದೇರ್’ ಎಂಬ ಒಡೆತನದ ಪದ ಬೇಕೆನಿಸಿದರೆ ‘ಹೂಸ್’. ‘ಆ ಕಾರಣಕ್ಕಾಗಿ’ ಎಂಬ ಅರ್ಥದ ಮಾತನ್ನು ಸೇರಿಸಬೇಕೆನಿಸಿದರೆ ‘ವೈ’. ಪ್ರತಿ ಸಲವೂ ಮಾಡಬೇಕಾದದ್ದು ಇಷ್ಟೇ: ಹಿಂದಿನ ನಾಮಪದದ ಮುಖ ನೋಡಿ ತೀರ್ಮಾನಿಸಬೇಡಿ, ಮುಂದಿನ ಖಾಲಿ ಜಾಗವನ್ನು ನೋಡಿ.

ನಿಮ್ಮ ಮೊದಲ ವಾಕ್ಯಕ್ಕೇ ಇದನ್ನು ಅನ್ವಯಿಸೋಣ. ‘ಹೂಸ್’ ಮುಚ್ಚಿದರೆ ‘ರೂಫ್ ಲೀಕ್ಸ್’ ಎಂದು ಉಳಿಯುತ್ತದೆ. ಯಾವುದರ ರೂಫ್? ‘ಇಟ್ಸ್ ರೂಫ್ ಲೀಕ್ಸ್’ ಎಂದರೆ ವಾಕ್ಯ ತುಂಬಿಕೊಳ್ಳುತ್ತದೆ. ಖಾಲಿಯಿರುವುದು ಒಡೆತನದ ಜಾಗ, ಹಾಗಾಗಿ ‘ಹೂಸ್’ ಬಂದಿದೆ. ಕಟ್ಟಡಕ್ಕೆ ಜೀವವಿಲ್ಲ ಎಂಬುದು ಇಲ್ಲಿ ಅಡ್ಡಿಯಲ್ಲ.

ಅಡ್ಡಿಯಲ್ಲ ಎನ್ನುವುದಕ್ಕೆ ಇತಿಹಾಸದ ಬೆಂಬಲವೂ ಇದೆ. ಹಳೆಯ ಇಂಗ್ಲಿಷ್‌ನಲ್ಲಿ ಇಂದಿನ ‘ಹೂ’ ಮತ್ತು ‘ವಾಟ್’ ಎರಡರ ಪೂರ್ವರೂಪಗಳಿಗೂ ಷಷ್ಠಿ ವಿಭಕ್ತಿ ಒಂದೇ ಆಗಿತ್ತು. ಅದರಿಂದಲೇ ‘ಹೂಸ್’ ಬೆಳೆದು ಬಂತು. ಅಂದರೆ ಈ ಪದ ಹುಟ್ಟಿನಿಂದಲೇ ಜನರಿಗೂ ವಸ್ತುಗಳಿಗೂ ಸೇರಿದ್ದು. 1667ರಲ್ಲಿ ಪ್ರಕಟವಾದ ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯ ಆರಂಭವಾಗುವುದೇ ಆ ನಿಷಿದ್ಧ ಮರದ ಮಾತಿನಿಂದ, ಮತ್ತು ಅದರ ರುಚಿಯ ಬಗ್ಗೆ ಹೇಳುವಾಗ ಕವಿ ‘ಹೂಸ್ ಮಾರ್ಟಲ್ ಟೇಸ್ಟ್’ ಎನ್ನುತ್ತಾನೆ. ‘ಹೂಸ್’ ಮನುಷ್ಯರಿಗೆ ಮಾತ್ರ ಎಂಬ ಕಟ್ಟಳೆ ಆಮೇಲೆ ಬಲಿತದ್ದು. 1926ರಲ್ಲಿ ಬಂದ ಎಚ್. ಡಬ್ಲ್ಯು. ಫೌಲರ್ ಅವರ ಬಳಕೆ ನಿಘಂಟು, ಇಂಗ್ಲಿಷ್ ಶೈಲಿಯನ್ನು ಗಂಜಿ ಹಾಕಿದಂತೆ ಸೆಡೆತುಕೊಳ್ಳುವಂತೆ ಮಾಡುವ ನಿಯಮಗಳಲ್ಲಿ ಇದೂ ಪ್ರಮುಖವಾದದ್ದು ಎಂದು ಅದನ್ನು ಖಂಡಿಸಿತು.

ಆ ಕಟ್ಟಳೆಯನ್ನು ಪಾಲಿಸಲು ಹೋದರೆ ಏನಾಗುತ್ತದೆ ನೋಡಿ. ‘ವಿಚ್’ ಪದಕ್ಕೆ ಇಂದಿನ ಇಂಗ್ಲಿಷ್‌ನಲ್ಲಿ ತನ್ನದೇ ಆದ ಒಡೆತನದ ರೂಪವಿಲ್ಲ, ‘ದಟ್’ ಪದಕ್ಕೂ ಇಲ್ಲ. ‘ಹೂಸ್’ ಬಿಟ್ಟರೆ ಉಳಿಯುವುದು ‘ದ ಬಿಲ್ಡಿಂಗ್ ದ ರೂಫ್ ಆಫ್ ವಿಚ್ ಲೀಕ್ಸ್’ ಎಂಬ ತಿರುಚಿದ ದಾರಿ. ಅದು ವ್ಯಾಕರಣಕ್ಕೆ ಸರಿ, ಓದುವವರಿಗೆ ಕಷ್ಟ. ನನ್ನನ್ನು ಕೇಳಿದರೆ ನಿಮ್ಮ ‘ಹೂಸ್’ ಹಾಗೆಯೇ ಇರಲಿ. ಮೇಲಧಿಕಾರಿಗಳು ಒಪ್ಪದೇ ಇದ್ದರೆ ‘ದ ಬಿಲ್ಡಿಂಗ್ ವಿತ್ ದ ಲೀಕಿಂಗ್ ರೂಫ್’ ಎಂದು ಬರೆದುಬಿಡಿ. ಜಗಳವೂ ಇಲ್ಲ, ವಾಕ್ಯವೂ ಚಿಕ್ಕದಾಗುತ್ತದೆ.

ಅವರ ಮಾತಿನಲ್ಲೂ ಒಂದು ಸತ್ಯಾಂಶವಿದೆ ಎಂಬುದನ್ನು ಹೇಳಬೇಕು. ‘ಹೂಸ್ ರೂಫ್ ಲೀಕ್ಸ್?’ ಎಂದು ಪ್ರಶ್ನೆ ಕೇಳಿದರೆ ಯಾರ ಮನೆಯ ಚಾವಣಿ ಸೋರುತ್ತದೆ ಎಂದೇ ಅರ್ಥ. ಯಾವ ಕಟ್ಟಡದ್ದು ಎಂದಲ್ಲ. ಪ್ರಶ್ನಾರ್ಥಕವಾದ ‘ಹೂಸ್’ ಮನುಷ್ಯರನ್ನು ಮಾತ್ರ ಕೇಳುತ್ತದೆ. ಉಪವಾಕ್ಯವನ್ನು ಜೋಡಿಸುವ ‘ಹೂಸ್’ ಯಾವುದಕ್ಕೂ ಸಲ್ಲುತ್ತದೆ. ಪದ ಒಂದೇ ಆದರೂ ಕೆಲಸ ಎರಡು. ಒಂದರ ನಿಯಮವನ್ನು ಇನ್ನೊಂದಕ್ಕೆ ಹೊರಿಸಬಾರದು.

‘ಹೂಸ್’ ವಿಷಯದಲ್ಲಿ ಕನ್ನಡಿಗರು ನಿಜವಾಗಿ ಎಡವುವ ಜಾಗ ಬೇರೆ. ‘ಚಾವಣಿ ಸೋರುವ ಕಟ್ಟಡ’ ಎನ್ನುವಾಗ ಒಡೆತನದ ಸುಳಿವೇ ನಮ್ಮ ಮಾತಿನಲ್ಲಿ ಇಲ್ಲ. ಹಾಗಾಗಿ ಇಂಗ್ಲಿಷ್‌ನಲ್ಲಿ ‘ದ ಬಿಲ್ಡಿಂಗ್ ವಿಚ್ ರೂಫ್ ಲೀಕ್ಸ್’ ಎಂದು ಬರೆದುಬಿಡುತ್ತೇವೆ. ಏನೋ ಕಡಿಮೆಯಾಯಿತು ಎನಿಸಿದರೆ ‘ದ ಬಿಲ್ಡಿಂಗ್ ವಿಚ್ ಇಟ್ಸ್ ರೂಫ್ ಲೀಕ್ಸ್’ ಎನ್ನುತ್ತೇವೆ. ಮನುಷ್ಯರ ವಿಷಯದಲ್ಲೂ ಇದೇ: ‘ದ ಮ್ಯಾನ್ ಹೂ ಹಿಸ್ ಕಾರ್ ವಾಸ್ ಸ್ಟೋಲನ್.’ ಈ ಮೂರೂ ತಪ್ಪು. ‘ಹೂ’ ಮತ್ತು ‘ಹಿಸ್’ ಪಕ್ಕಪಕ್ಕದಲ್ಲಿ ಕಂಡರೆ, ‘ವಿಚ್’ ಮತ್ತು ‘ಇಟ್ಸ್’ ಜೋಡಿಯಾಗಿ ಕಂಡರೆ, ಅವೆರಡನ್ನೂ ತೆಗೆದು ಒಂದೇ ‘ಹೂಸ್’ ಹಾಕಿ: ‘ದ ಮ್ಯಾನ್ ಹೂಸ್ ಕಾರ್ ವಾಸ್ ಸ್ಟೋಲನ್.’ ‘ಹೂಸ್’ ಆದ ಮೇಲೆ ನಾಮಪದವೋ ಅದರ ವಿಶೇಷಣವೋ ಬರಬೇಕು, ನಡುವೆ ‘ದ’ ಬರಬಾರದು. ‘ಹೂಸ್ ದ ಕಾರ್’ ಎನ್ನುವುದು ‘ಹಿಸ್ ದ ಕಾರ್’ ಎಂದಷ್ಟೇ ತಪ್ಪು.

ಇನ್ನೊಂದು ತಪ್ಪು ಕಿವಿಗೆ ಕೇಳಿಸುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ‘ಹೂ ಈಸ್’ ಅಥವಾ ‘ಹೂ ಹ್ಯಾಸ್’ ಎಂಬುದನ್ನು ಕುಗ್ಗಿಸಿದಾಗ ಉಚ್ಚಾರ ‘ಹೂಸ್’ ಎಂದೇ ಆಗುತ್ತದೆ, ಬರೆಯುವಾಗ ಮಾತ್ರ ಎಸ್ ಅಕ್ಷರಕ್ಕೆ ಮುನ್ನ ಅಪಾಸ್ಟ್ರಫಿ ಬರುತ್ತದೆ. ಒಡೆತನದ ‘ಹೂಸ್’ ಅಪಾಸ್ಟ್ರಫಿ ಇಲ್ಲದೆ, ಕೊನೆಯಲ್ಲಿ ಇ ಅಕ್ಷರದೊಂದಿಗೆ ಬರುತ್ತದೆ. ನಾಮಪದಗಳಿಗೆ ಒಡೆತನ ತೋರಿಸಲು ಅಪಾಸ್ಟ್ರಫಿ ಹಾಕುವ ಅಭ್ಯಾಸ ಕೈಗೆ ಹತ್ತಿರುವುದರಿಂದ ಇಲ್ಲೂ ಬೆರಳು ಅತ್ತ ಹೋಗುತ್ತದೆ. ‘ಹಿಸ್’, ‘ಇಟ್ಸ್’, ‘ಅವರ್ಸ್’, ‘ದೇರ್ಸ್’ ಎಂಬ ಒಡೆತನದ ಸರ್ವನಾಮಗಳಲ್ಲಿ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ, ‘ಹೂಸ್’ ಆ ಬಳಗದ್ದೇ. ಪರೀಕ್ಷೆ ಸುಲಭ: ಅದನ್ನು ‘ಹೂ ಈಸ್’ ಎಂದು ಬಿಡಿಸಿ ಓದಿ. ‘ದ ಬಿಲ್ಡಿಂಗ್ ಹೂ ಈಸ್ ರೂಫ್’ ಎಂದಾಗ ಅರ್ಥ ಕೆಡುತ್ತದೆ, ಹಾಗಾದರೆ ಅಪಾಸ್ಟ್ರಫಿ ಬೇಡ.

ಎರಡನೆಯ ಗೆರೆ ಬಿದ್ದಿರುವುದು ‘ದ ರೀಸನ್ ವೈ’ ಮೇಲೆ. ‘ರೀಸನ್’ ಎಂದರೆ ಕಾರಣ, ‘ವೈ’ ಎಂದರೂ ಕಾರಣವೇ, ಆದ್ದರಿಂದ ಪುನರುಕ್ತಿ ಎಂಬುದು ವಾದ. ಈ ವಾದ ನಿಲ್ಲುವುದಿಲ್ಲ. ‘ದ ಪ್ಲೇಸ್ ವೇರ್’ ಎಂದರೆ ಯಾರೂ ಪುನರುಕ್ತಿ ಎನ್ನುವುದಿಲ್ಲ, ‘ದ ಡೇ ವೆನ್’ ಎಂದರೂ ಎನ್ನುವುದಿಲ್ಲ. ಸ್ಥಳದ ನಾಮಪದಕ್ಕೆ ಸ್ಥಳದ ಜೋಡಕ, ಕಾಲದ ನಾಮಪದಕ್ಕೆ ಕಾಲದ ಜೋಡಕ, ಕಾರಣದ ನಾಮಪದಕ್ಕೆ ಕಾರಣದ ಜೋಡಕ. ರಚನೆ ಮೂರರದ್ದೂ ಒಂದೇ. ‘ದ ರೀಸನ್ ವೈ’ ಶತಮಾನಗಳಿಂದ ಒಳ್ಳೆಯ ಬರಹಗಾರರ ಗದ್ಯದಲ್ಲಿ ಇರುವಂಥದ್ದು. ಅಂದ ಹಾಗೆ, ಇದರ ಪರವಾಗಿ ಕೆಲವರು 1854ರ ಟೆನಿಸನ್ ಕವಿತೆಯ ‘ದೇರ್ಸ್ ನಾಟ್ ಟು ರೀಸನ್ ವೈ’ ಸಾಲನ್ನು ಸಾಕ್ಷಿ ಮಾಡುತ್ತಾರೆ. ಅದು ಸಾಕ್ಷಿಯಾಗಲಾರದು, ಏಕೆಂದರೆ ಅಲ್ಲಿ ‘ರೀಸನ್’ ನಾಮಪದವಲ್ಲ, ತರ್ಕಿಸು ಎಂಬ ಅರ್ಥದ ಕ್ರಿಯಾಪದ.

‘ವೈ’ ಬೇಡವೆನಿಸಿದರೆ ಬಿಡಬಹುದು: ‘ದ ರೀಸನ್ ದ ವರ್ಕ್ ಸ್ಟಾಪ್ಡ್’. ‘ದಟ್’ ಹಾಕಬಹುದು: ‘ದ ರೀಸನ್ ದಟ್ ದ ವರ್ಕ್ ಸ್ಟಾಪ್ಡ್’. ಮೂರೂ ಸಾಧು. ‘ವಿಚ್’ ಮಾತ್ರ ಒಂಟಿಯಾಗಿ ಬರಲಾರದು. ‘ದ ವರ್ಕ್ ಸ್ಟಾಪ್ಡ್’ ಎಂಬಲ್ಲಿ ಕರ್ತೃ ಇದೆ, ಕ್ರಿಯಾಪದ ಇದೆ, ಆ ಕ್ರಿಯಾಪದ ಇಲ್ಲಿ ಕರ್ಮವನ್ನು ಬೇಡುವುದೂ ಇಲ್ಲ. ‘ವಿಚ್’ಗೆ ಕುಳಿತುಕೊಳ್ಳಲು ಜಾಗವೇ ಇಲ್ಲ. ‘ಫಾರ್’ ಎಂಬ ಪ್ರಿಪೊಸಿಷನ್ ಜೊತೆಗೆ ತಂದರೆ ಜಾಗ ಸಿಗುತ್ತದೆ: ‘ದ ರೀಸನ್ ಫಾರ್ ವಿಚ್ ದ ವರ್ಕ್ ಸ್ಟಾಪ್ಡ್’. ಸರಿಯಾದದ್ದು, ಆದರೆ ದಿನನಿತ್ಯದ ವರದಿಗೆ ತುಸು ಬಿಗಿ.

‘ವೈ’ ನಿಜವಾಗಿ ತಪ್ಪಾಗುವ ಕಡೆ ಒಂದಿದೆ, ಮತ್ತು ಅದು ನಮ್ಮ ಕಣ್ಣಿಗೆ ಬೀಳುವುದು ಕಷ್ಟ. ಈ ಎರಡು ಕನ್ನಡ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ‘ಕೆಲಸ ನಿಂತ ಕಾರಣ’, ‘ಅವನು ಕೊಟ್ಟ ಕಾರಣ’. ಎರಡಕ್ಕೂ ಕೃದಂತದ ರೂಪ ಒಂದೇ. ಮೊದಲನೆಯದರಲ್ಲಿ ಕೆಲಸ ಆ ಕಾರಣಕ್ಕಾಗಿ ನಿಂತಿತು. ಎರಡನೆಯದರಲ್ಲಿ ಅವನು ಆ ಕಾರಣವನ್ನೇ ಕೊಟ್ಟ. ಅಂದರೆ ಕಾರಣ ಎಂಬುದು ಅಲ್ಲಿ ‘ಕೊಟ್ಟ’ ಎಂಬುದರ ಕರ್ಮ. ‘ರೀಸನ್’ ಬಂದ ಕೂಡಲೇ ‘ವೈ’ ಹಾಕುವ ರೂಢಿಯಿಂದ ‘ದ ರೀಸನ್ ವೈ ಹಿ ಗೇವ್ ವಾಸ್ ಫಾಲ್ಸ್’ ಎಂದು ಬರೆಯುತ್ತೇವೆ. ಪರೀಕ್ಷೆ ಮಾಡಿ: ‘ಹಿ ಗೇವ್’ ಎಂದ ಮೇಲೆ ಏನನ್ನು ಎಂಬ ಜಾಗ ಖಾಲಿ ಇದೆ, ಅಲ್ಲಿಗೆ ‘ಇಟ್’ ಹೊಂದುತ್ತದೆ. ಆದ್ದರಿಂದ ‘ದ ರೀಸನ್ ವಿಚ್ ಹಿ ಗೇವ್’, ‘ದ ರೀಸನ್ ದಟ್ ಹಿ ಗೇವ್’ ಅಥವಾ ಸುಮ್ಮನೆ ‘ದ ರೀಸನ್ ಹಿ ಗೇವ್’. ಅಲ್ಲಿ ‘ವೈ’ ಹಾಕಿದರೆ ಓದುವವರಿಗೆ ಅವನು ಏಕೆ ದಾನ ಕೊಟ್ಟ ಎಂಬ ಬೇರೆಯೇ ಅರ್ಥ ಹೊಳೆಯುತ್ತದೆ.

‘ವೇರ್’ ವಿಷಯದಲ್ಲೂ ಇದೇ ಎಡವಟ್ಟು. ‘ನಾನು ವಾಸಿಸುವ ಊರು’, ‘ನಾನು ನೋಡಿದ ಊರು’ ಎರಡೂ ನಮಗೆ ಒಂದೇ ಅಚ್ಚು. ಇಂಗ್ಲಿಷ್‌ನಲ್ಲಿ ‘ದ ಟೌನ್ ವೇರ್ ಐ ಲಿವ್’ ಸರಿ, ‘ದ ಟೌನ್ ವೇರ್ ಐ ವಿಸಿಟೆಡ್’ ತಪ್ಪು, ಏಕೆಂದರೆ ‘ವಿಸಿಟೆಡ್’ ಕರ್ಮವನ್ನು ಬೇಡುತ್ತದೆ. ಅಲ್ಲಿ ‘ವಿಚ್’ ಅಥವಾ ‘ದಟ್’ ಬೇಕು. ನಾಮಪದ ಒಂದೇ ಆಗಿದ್ದರೂ ಜೋಡಕ ಬದಲಾಗುತ್ತದೆ. ಖಾಲಿ ಜಾಗವನ್ನು ನೋಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಈ ಸಾಲಿನಲ್ಲಿ ಒಂದು ಅಪವಾದವಿದೆ: ‘ಪ್ಲೇಸ್’ ಪದಕ್ಕೆ ‘ವೇರ್’, ‘ರೀಸನ್’ ಪದಕ್ಕೆ ‘ವೈ’ ಇದೆಯೆಂದು ‘ವೇ’ ಪದಕ್ಕೆ ‘ಹೌ’ ಸೇರಿಸಬೇಡಿ. ‘ದ ವೇ ಹೌ ದೇ ವರ್ಕ್’ ಇಂದಿನ ಶಿಷ್ಟ ಇಂಗ್ಲಿಷ್‌ನಲ್ಲಿ ಇಲ್ಲ. ‘ದ ವೇ ದೇ ವರ್ಕ್’ ಅಥವಾ ‘ಹೌ ದೇ ವರ್ಕ್’, ಎರಡರಲ್ಲಿ ಒಂದು.

ಈಗ ನಿಮ್ಮ ‘ಬಿಕಾಸ್’. ‘ದ ರೀಸನ್ ಈಸ್ ಬಿಕಾಸ್’ ಕೂಡ ಹಳೆಯ ಬಳಕೆಯೇ, ಮಾತಿನಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಆದರೂ ಬರಹದಲ್ಲಿ ಅದನ್ನು ಬಿಡಿ ಎಂದೇ ನನ್ನ ಸಲಹೆ. ‘ಈಸ್’ ಆದ ಮೇಲೆ ಕಾರಣ ಯಾವುದು ಎಂಬುದು ಬರಬೇಕು. ಯಾವುದು ಎಂಬುದಕ್ಕೆ ‘ದಟ್’ ನೇರವಾಗಿ ಹೊಂದುತ್ತದೆ, ‘ಬಿಕಾಸ್’ ಹೇಳುವುದು ಏಕೆ ಎಂಬುದನ್ನು. ‘ಕಾರಣವೇನೆಂದರೆ ಪಂಪು ಕೆಟ್ಟದ್ದರಿಂದ’ ಎಂದರೆ ಕನ್ನಡದಲ್ಲೂ ವಾಕ್ಯ ಸೊಟ್ಟಗಾಗುತ್ತದೆ. ಹಾಗಾಗಿ ‘ದ ರೀಸನ್ ವೈ ದ ವರ್ಕ್ ಸ್ಟಾಪ್ಡ್ ಈಸ್ ದಟ್ ದ ಪಂಪ್ ಫೇಲ್ಡ್’ ಎನ್ನುವುದು ವಾಸಿ. ಅದಕ್ಕಿಂತ ವಾಸಿಯಾದದ್ದು ‘ರೀಸನ್’ ಪದವನ್ನೇ ಬಿಟ್ಟು ‘ದ ವರ್ಕ್ ಸ್ಟಾಪ್ಡ್ ಬಿಕಾಸ್ ದ ಪಂಪ್ ಫೇಲ್ಡ್’ ಎನ್ನುವುದು. ವರದಿ ಓದುವವರಿಗೆ ಬೇಕಾದದ್ದು ಪಂಪಿನ ಸುದ್ದಿ, ಕಾರಣ ಎಂಬ ಪದವಲ್ಲ.

ಮೂರನೆಯದು ‘ದಟ್’. ಮನುಷ್ಯರಿಗೆ ‘ದಟ್’ ಹಾಕಬಾರದು ಎಂಬುದು ಸೌಜನ್ಯದ ನಿಯಮವಾಗಿ ಅರ್ಥವಾಗುತ್ತದೆ, ವ್ಯಾಕರಣದ ನಿಯಮವಾಗಿ ಅಲ್ಲ. ಈ ಮೂರು ಜೋಡಕಗಳಲ್ಲಿ ‘ದಟ್’ ಹಿರಿಯದು. ‘ಹೂ’ ಮತ್ತು ‘ವಿಚ್’ ಮೂಲತಃ ಪ್ರಶ್ನಾರ್ಥಕಗಳು, ಜೋಡಿಸುವ ಕೆಲಸಕ್ಕೆ ಆಮೇಲೆ ಬಂದವು. ಶೇಕ್ಸ್‌ಪಿಯರ್‌ನ ‘ಮರ್ಚಂಟ್ ಆಫ್ ವೆನಿಸ್’ ನಾಟಕದಲ್ಲಿ ಸಂಗೀತವಿಲ್ಲದ ಮನುಷ್ಯನ ಬಗ್ಗೆ ‘ದ ಮ್ಯಾನ್ ದಟ್ ಹ್ಯಾತ್ ನೋ ಮ್ಯೂಸಿಕ್ ಇನ್ ಹಿಮ್‌ಸೆಲ್ಫ್’ ಎಂಬ ಮಾತು ಬರುತ್ತದೆ. 1611ರ ಇಂಗ್ಲಿಷ್ ಬೈಬಲ್ ದೇವರನ್ನೇ ‘ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್’ ಎಂದು ಕರೆಯಿತು. ಜೀವವಿದ್ದವರಿಗೆ ಒಂದು, ಇಲ್ಲದ್ದಕ್ಕೆ ಒಂದು ಎಂಬ ಗಡಿ ಆಗ ಇನ್ನೂ ಗಟ್ಟಿಯಾಗಿರಲಿಲ್ಲ. 1711ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟೀಲ್ ‘ದ ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ‘ಹೂ’ ಮತ್ತು ‘ವಿಚ್’ ಸಲ್ಲಿಸಿದ ಮನವಿಯೊಂದನ್ನು ವಿನೋದವಾಗಿ ಬರೆದರು. ನಮ್ಮ ಹಳೆಯ ಜಾಗವನ್ನು ‘ದಟ್’ ಎಂಬ ಹೊಸಬ ಕಸಿದುಕೊಂಡಿದ್ದಾನೆ ಎಂಬುದು ಅದರ ದೂರು. ಇತಿಹಾಸ ಹೇಳುವುದು ಅದಕ್ಕೆ ತದ್ವಿರುದ್ಧ.

ಈಗ ‘ವಿಚ್’ ಮನುಷ್ಯರಿಂದ ಪೂರ್ತಿ ದೂರ ಸರಿದಿದೆ. ‘ದ ವರ್ಕರ್ಸ್ ವಿಚ್ ಫಿಕ್ಸ್ಡ್ ಇಟ್’ ಎಂದು ಬರೆದಿದ್ದರೆ ಅದು ಖಂಡಿತ ತಪ್ಪಾಗುತ್ತಿತ್ತು. ‘ದಟ್’ ಮಾತ್ರ ಎರಡೂ ಕಡೆ ಉಳಿದಿದೆ. ಆದರೂ ನಿಮ್ಮ ವರದಿಯಲ್ಲಿ ‘ಹೂ’ ಹಾಕಿ ಎನ್ನುತ್ತೇನೆ. ಅಚ್ಚಿಗೆ ಹೋಗುವ ಗದ್ಯದಲ್ಲಿ ಮನುಷ್ಯರಿಗೆ ‘ಹೂ’ ಬಳಸುವುದೇ ಹೆಚ್ಚಿನ ರೂಢಿ, ಪತ್ರಿಕೆಗಳ ಶೈಲಿ ಕೈಪಿಡಿಗಳೂ ಅದನ್ನೇ ಬಯಸುತ್ತವೆ, ಓದುವವರು ಎಲ್ಲೂ ತಡವರಿಸುವುದಿಲ್ಲ. ಬೇರೆಯವರು ‘ದಟ್’ ಬರೆದಿದ್ದರೆ ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ. ಜನ ಮತ್ತು ವಸ್ತು ಒಟ್ಟಿಗೆ ಬಂದಾಗಲಂತೂ ‘ದಟ್’ ಒಂದೇ ಇಬ್ಬರಿಗೂ ಒಗ್ಗುತ್ತದೆ: ‘ದ ಮೆನ್ ಅಂಡ್ ಮಶೀನ್ಸ್ ದಟ್ ಅರೈವ್ಡ್ ಯೆಸ್ಟರ್‌ಡೇ’.

‘ದಟ್’ ನಿಜವಾಗಿ ಹೋಗಲಾಗದ ಜಾಗಗಳು ಎರಡು, ಇಲ್ಲಿ ಮನುಷ್ಯ, ವಸ್ತು ಎಂಬ ಭೇದವಿಲ್ಲ. ಪ್ರಿಪೊಸಿಷನ್ ಹಿಂದೆಯೇ ಬಂದಾಗ ‘ದಟ್’ ಆಗದು. ‘ದ ಇಂಜಿನಿಯರ್ ಟು ದಟ್ ವಿ ರೋಟ್’ ತಪ್ಪು, ‘ಟು ಹೂಮ್ ವಿ ರೋಟ್’ ಸರಿ. ಪ್ರಿಪೊಸಿಷನ್ ಅನ್ನು ಕೊನೆಗೆ ಕಳಿಸಿದರೆ ‘ದಟ್’ ಮತ್ತೆ ಸರಿಯಾಗುತ್ತದೆ: ‘ದ ಇಂಜಿನಿಯರ್ ದಟ್ ವಿ ರೋಟ್ ಟು’. ಆ ಕೊನೆಯ ‘ಟು’ ಮರೆಯುವವರು ಬಹಳ. ಕನ್ನಡದಲ್ಲಿ ‘ನಾವು ಬರೆದ ಇಂಜಿನಿಯರ್’ ಎನ್ನುವಾಗ ‘ಅವರಿಗೆ’ ಎಂಬ ಚತುರ್ಥಿ ಮಾಯವಾಗುತ್ತದಲ್ಲ, ಇಂಗ್ಲಿಷ್‌ನಲ್ಲಿ ಅದನ್ನು ಮಾಯ ಮಾಡುವಂತಿಲ್ಲ.

ಎರಡನೆಯ ಜಾಗ ಅಲ್ಪವಿರಾಮದ ನಂತರದ್ದು, ಮತ್ತು ನಿಮ್ಮ ವರದಿಯ ಅರ್ಥವೇ ಇದರ ಮೇಲೆ ನಿಂತಿದೆ. ‘ದ ವರ್ಕರ್ಸ್ ಹೂ ಫಿಕ್ಸ್ಡ್ ಇಟ್ ಹ್ಯಾವ್ ಲೆಫ್ಟ್’ ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಕೆಲಸಗಾರರ ಪೈಕಿ ಯಾರು ದುರಸ್ತಿ ಮಾಡಿದರೋ ಅವರು ಮಾತ್ರ ಹೋಗಿದ್ದಾರೆ, ಉಳಿದವರು ಇದ್ದಾರೆ. ‘ದ ವರ್ಕರ್ಸ್, ಹೂ ಫಿಕ್ಸ್ಡ್ ಇಟ್, ಹ್ಯಾವ್ ಲೆಫ್ಟ್’ ಎಂದು ಎರಡು ಅಲ್ಪವಿರಾಮಗಳ ನಡುವೆ ಇಟ್ಟರೆ, ಎಲ್ಲ ಕೆಲಸಗಾರರೂ ಸೇರಿ ದುರಸ್ತಿ ಮಾಡಿದ್ದರು, ಎಲ್ಲರೂ ಹೋಗಿಬಿಟ್ಟಿದ್ದಾರೆ. ಮೊದಲನೆಯದು ಯಾರು ಎಂದು ಗುರುತಿಸುತ್ತದೆ, ಎರಡನೆಯದು ಗೊತ್ತಿರುವವರ ಬಗ್ಗೆ ಇನ್ನಷ್ಟು ಹೇಳುತ್ತದೆ. ‘ದಟ್’ ಗುರುತಿಸುವ ಕೆಲಸವನ್ನು ಮಾತ್ರ ಮಾಡಬಲ್ಲದು. ಆದ್ದರಿಂದಲೇ ಹೆಸರಿಟ್ಟು ಹೇಳಿದ ಒಬ್ಬ ವ್ಯಕ್ತಿಯ ನಂತರ ‘ದಟ್’ ಬರುವುದಿಲ್ಲ, ಅಲ್ಲಿ ಅಲ್ಪವಿರಾಮ ಮತ್ತು ‘ಹೂ’ ಬೇಕು. ವಸ್ತುಗಳಿಗೆ ಗುರುತಿಸುವಾಗ ‘ದಟ್’ ಮಾತ್ರ, ಅಲ್ಪವಿರಾಮದ ನಂತರ ‘ವಿಚ್’ ಎಂದು ಹಂಚಿಕೊಡೋಣ ಎಂಬುದು ಫೌಲರ್ ಅವರ ಸಲಹೆ. ಅಮೆರಿಕದ ಸಂಪಾದಕರು ಅದನ್ನು ಹೆಚ್ಚು ಪಾಲಿಸುತ್ತಾರೆ. ಆದರೆ ಹೆಚ್ಚಿನ ಬರಹಗಾರರಾಗಲಿ, ಅತ್ಯುತ್ತಮ ಬರಹಗಾರರಾಗಲಿ ಹೀಗೆ ಬರೆಯುತ್ತಿಲ್ಲ ಎಂದು ಫೌಲರ್ ಅವರೇ ಒಪ್ಪಿದ್ದರು. ನಿಮ್ಮ ‘ದ ಪಂಪ್ ವಿಚ್ ವಿ ರಿಪೇರ್ಡ್’ ಹಾಗೆಯೇ ಇದ್ದರೂ ತಪ್ಪಿಲ್ಲ.

ಖಾಲಿ ಜಾಗ ದೂರವಾದಷ್ಟೂ ತಪ್ಪುವ ಸಂಭವ ಹೆಚ್ಚು. ನಡುವೆ ‘ವಿ ಥಿಂಕ್’, ‘ದ ಮ್ಯಾನೇಜರ್ ಸೆಡ್’ ಎಂಬಂಥ ಮಾತು ತೂರಿಕೊಂಡಾಗ ಇಂಗ್ಲಿಷ್ ಮಾತೃಭಾಷೆಯವರೂ ಎಡವುತ್ತಾರೆ. ‘ದ ಸಪ್ಲೈಯರ್ ಹೂಮ್ ವಿ ಥಿಂಕ್ ಈಸ್ ಆನೆಸ್ಟ್’ ಎಂದು ಬರೆಯುವವರಿದ್ದಾರೆ. ‘ವಿ ಥಿಂಕ್’ ಎಂಬುದರ ಕರ್ಮ ಎಂದು ಭಾವಿಸಿ ‘ಹೂಮ್’ ಹಾಕಿರುತ್ತಾರೆ. ಬಿಡಿಸಿ ಓದಿ: ‘ವಿ ಥಿಂಕ್ ಹಿ ಈಸ್ ಆನೆಸ್ಟ್’. ಹೊಂದಿದ್ದು ‘ಹಿ’, ‘ಹಿಮ್’ ಅಲ್ಲ. ಆದ್ದರಿಂದ ‘ಹೂ ವಿ ಥಿಂಕ್ ಈಸ್ ಆನೆಸ್ಟ್’. ಇಂಥ ಉದ್ದ ವಾಕ್ಯದಲ್ಲೇ ‘ಹಿ’ ಮತ್ತೆ ನುಸುಳುವುದು: ‘ಹೂ ದ ಮ್ಯಾನೇಜರ್ ಸೆಡ್ ದಟ್ ಹಿ ವುಡ್ ಪೇ’. ಇಲ್ಲಿ ‘ದಟ್ ಹಿ’ ಎರಡನ್ನೂ ತೆಗೆದರೆ ‘ಹೂ ದ ಮ್ಯಾನೇಜರ್ ಸೆಡ್ ವುಡ್ ಪೇ’ ಎಂದು ಸರಿಯಾಗುತ್ತದೆ.

ಜೋಡಕವನ್ನೇ ಬಿಡುವುದರ ಬಗ್ಗೆ ಒಂದು ಮಾತು, ಏಕೆಂದರೆ ಕೆಂಪು ಗೆರೆಗೆ ಹೆದರಿ ಎಲ್ಲ ಕಡೆ ಬಿಟ್ಟುಬಿಡುವವರನ್ನು ನಾನು ಕಂಡಿದ್ದೇನೆ. ಖಾಲಿ ಇರುವುದು ಕರ್ಮದ ಜಾಗವಾದರೆ ಬಿಡಬಹುದು: ‘ದ ಪಂಪ್ ವಿ ರಿಪೇರ್ಡ್’. ಕರ್ತೃವಿನ ಜಾಗವಾದರೆ ಬಿಡುವಂತಿಲ್ಲ. ‘ದ ವರ್ಕರ್ಸ್ ಫಿಕ್ಸ್ಡ್ ಇಟ್ ಹ್ಯಾವ್ ಲೆಫ್ಟ್’ ಎಂದರೆ ಓದುಗ ‘ಫಿಕ್ಸ್ಡ್’ ಎಂಬುದನ್ನೇ ಪ್ರಧಾನ ಕ್ರಿಯಾಪದವೆಂದು ಹಿಡಿದು, ‘ಹ್ಯಾವ್ ಲೆಫ್ಟ್’ ಬಂದಾಗ ದಾರಿ ತಪ್ಪುತ್ತಾನೆ. ಅಲ್ಪವಿರಾಮದ ನಂತರವೂ ಬಿಡುವಂತಿಲ್ಲ. ‘ಹೂಸ್’ ಅನ್ನಂತೂ ಎಲ್ಲೂ ಬಿಡುವಂತಿಲ್ಲ.

ನಿಮ್ಮ ವರದಿಯನ್ನು ನಾನು ತಿದ್ದಿದರೆ ಹೀಗಿರುತ್ತದೆ: ‘ದ ಬಿಲ್ಡಿಂಗ್ ಹೂಸ್ ರೂಫ್ ಲೀಕ್ಸ್ ಮಸ್ಟ್ ಬಿ ರಿಪೇರ್ಡ್ ಫಸ್ಟ್. ದ ವರ್ಕ್ ಸ್ಟಾಪ್ಡ್ ಬಿಕಾಸ್ ದ ಪಂಪ್ ವಿ ರಿಪೇರ್ಡ್ ಲಾಸ್ಟ್ ಮಂತ್ ಫೇಲ್ಡ್ ಅಗೇನ್. ದ ವರ್ಕರ್ಸ್ ಹೂ ಫಿಕ್ಸ್ಡ್ ಇಟ್ ಹ್ಯಾವ್ ಲೆಫ್ಟ್.’ ಕೊನೆಯ ವಾಕ್ಯದ ‘ಫಿಕ್ಸ್ಡ್ ಇಟ್’ ಎಂಬಲ್ಲಿರುವ ‘ಇಟ್’ ಅನ್ನು ಮಾತ್ರ ಮುಟ್ಟಿಲ್ಲ, ನೀವೂ ಮುಟ್ಟಬೇಡಿ. ಅಲ್ಲಿ ‘ಹೂ’ ಹೊತ್ತಿರುವುದು ಕರ್ತೃವಿನ ಹೊಣೆ. ಕರ್ಮದ ಜಾಗ ಪಂಪಿನದ್ದು, ‘ಇಟ್’ ಅಲ್ಲಿ ಪಂಪಿನ ಪರವಾಗಿ ನ್ಯಾಯವಾಗಿಯೇ ಕುಳಿತಿದೆ.